ಶತ್ರುವಿನ ಕರಪತ್ರ ಮತ್ತು ಸಿಪಾಯಿಯ ಮನಸ್ಸು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಸಾರ್, ಮೇಲಿಂದ ನಾಲ್ಕು ಕಾಗದ ಉದುರಿಸಿ, ರೇಡಿಯೋದಲ್ಲಿ ಏನೋ ಹೇಳಿಬಿಟ್ಟರೆ ಸೈನಿಕರ ಧೈರ್ಯ ನಿಜಕ್ಕೂ ಕುಗ್ಗುತ್ತದಾ? ಕುಗ್ಗುವುದಾದರೆ ಸೈನ್ಯದವರು ಅದನ್ನು ತಡೆಯುವುದು ಹೇಗೆ?”

ಶಿವಮೊಗ್ಗದ ಕಾಲೇಜುಗಳಲ್ಲಿ ಇತಿಹಾಸದ ಬಗ್ಗೆ ಮಾತನಾಡಲು ಹೋದಾಗಲೆಲ್ಲ ಎನ್‌ಸಿಸಿ ಹುಡುಗರಲ್ಲಿ ಒಬ್ಬರಾದರೂ ಇದನ್ನು ಕೇಳುತ್ತಾರೆ. ಇಲ್ಲದ ಅಸಮಾಧಾನವನ್ನು ಕರಪತ್ರವೊಂದು ಹುಟ್ಟಿಸುವುದು ತೀರ ಅಪರೂಪ. ಆಗಲೇ ಇರುವ ಅಸಮಾಧಾನವನ್ನು ಅದು ಚೆನ್ನಾಗಿ ಬಳಸಿಕೊಳ್ಳಬಲ್ಲದು. ಆದ್ದರಿಂದ ಅದನ್ನು ತಡೆಯುವ ಕೆಲಸದಲ್ಲಿ ಭಾಷಣಕ್ಕಿಂತ ಊಟ, ಔಷಧಿ, ರಜೆ ಮತ್ತು ಮನೆಯ ಕಾಗದಗಳಿಗೇ ಹೆಚ್ಚಿನ ಪಾಲು ಸಲ್ಲುತ್ತದೆ. ಈ ಮಾತಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ 1942ರಿಂದ 1945ರವರೆಗಿನ ಬರ್ಮಾ ಯುದ್ಧರಂಗದ್ದು, ಏಕೆಂದರೆ ಅಲ್ಲಿ ಬ್ರಿಟಿಷರು, ಜಪಾನೀಯರು ಎರಡೂ ಕಡೆಯವರು ಒಬ್ಬನೇ ಭಾರತೀಯ ಸಿಪಾಯಿಯ ಮನಸ್ಸಿಗಾಗಿ ಮೂರು ವರ್ಷ ಹೋರಾಡಿದರು.

1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಿತು. ಎರಡು ದಿನಗಳ ನಂತರ ಫೆರರ್ ಪಾರ್ಕ್ ಮೈದಾನದಲ್ಲಿ ಸುಮಾರು 40 ಸಾವಿರ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನಿನ ಮೇಜರ್ ಫುಜಿವಾರಾನ ವಶಕ್ಕೆ ಒಪ್ಪಿಸಲಾಯಿತು. ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳವೂ ಸಿಂಗಪುರದಲ್ಲಿ ಸೆರೆಯಾದವುಗಳಲ್ಲಿ ಒಂದು. ಏಷ್ಯಾ ಏಷ್ಯನ್ನರಿಗೆ, ಭಾರತದ ಸ್ವಾತಂತ್ರ್ಯಕ್ಕೆ ಜಪಾನ್ ನೆರವಾಗುತ್ತದೆ ಎಂದು ಫುಜಿವಾರಾ ಹೇಳಿದ ಮಾತುಗಳನ್ನು ಜಪಾನೀಯರ ಕರಪತ್ರಗಳು ಮಲಯಾದ ಕಾಡಿನಲ್ಲಿ ವಾರಗಟ್ಟಲೆ ಮೊದಲೇ ಹೇಳಿದ್ದವು. ಆ ಮಾತಿಗೆ ಬಲ ಬಂದದ್ದು ಕೇಳುವವರು ಕಣ್ಣಾರೆ ಕಂಡ ಸಂಗತಿಗಳಿಂದ. ಮಲಯಾದ ಯುರೋಪಿಯನ್ ಕ್ಲಬ್ಬುಗಳು ಭಾರತೀಯ ಅಧಿಕಾರಿಗಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಒಂದೇ ಹುದ್ದೆಯಲ್ಲಿದ್ದರೂ ಭಾರತೀಯ ಅಧಿಕಾರಿಯ ಸಂಬಳ ಬ್ರಿಟಿಷ್ ಅಧಿಕಾರಿಯದಕ್ಕಿಂತ ಕಡಿಮೆ ಇತ್ತು. ಯಾರೂ ಸೋಲಿಸಲಾರರು ಎಂದುಕೊಂಡಿದ್ದ ಸಾಮ್ರಾಜ್ಯ ಎಪ್ಪತ್ತು ದಿನಗಳಲ್ಲಿ ಶರಣಾಗಿತ್ತು. ಸೆರೆಯಾದವರಲ್ಲಿ ಮುಂದೆ ಸುಮಾರು 20 ಸಾವಿರ ಮಂದಿ ಆಜಾದ್ ಹಿಂದ್ ಫೌಜನ್ನು ಸೇರಿದರು, ಉಳಿದವರು ಸೇರಲಿಲ್ಲ. ಸೇರಿದವರೆಲ್ಲರೂ ಕೇವಲ ದೇಶಪ್ರೇಮದಿಂದ ಸೇರಿದರು ಎನ್ನುವುದನ್ನಾಗಲಿ, ಕೇವಲ ಶಿಬಿರದ ಹಸಿವಿಗೆ ಸೇರಿದರು ಎನ್ನುವುದನ್ನಾಗಲಿ ನಾನು ಒಪ್ಪುವುದಿಲ್ಲ; ಒಬ್ಬೊಬ್ಬ ಮನುಷ್ಯನಲ್ಲೂ ಎರಡೂ ಕಾರಣಗಳು ಬೆರೆತೇ ಇರುತ್ತವೆ.

ಭಾರತದಲ್ಲಿದ್ದ ಸೇನಾ ಮುಖ್ಯಸ್ಥರಿಗೆ ಇದು ದೊಡ್ಡ ಆಘಾತವಾಯಿತು. 1943ರಲ್ಲಿ ಅವರು ಬರ್ಮಾ ಗಡಿಯ ತುಕಡಿಗಳಲ್ಲಿ ‘ಜೋಶ್’ ಎಂಬ ಹೆಸರಿನ ಚಿಕ್ಕ ಗುಂಪುಗಳನ್ನು ಕಟ್ಟಿಸಿದರು. ನಂಬಿಕಸ್ಥ ಸುಬೇದಾರ, ಹವಾಲ್ದಾರರ ಸುತ್ತ ಜವಾನರು ತಮ್ಮದೇ ಭಾಷೆಯಲ್ಲಿ ಕುಳಿತು ಮಾತನಾಡಬೇಕು, ಜಪಾನೀಯರು ತಾವು ಹಿಡಿದ ಊರುಗಳಲ್ಲಿ ಜನರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಅಲ್ಲಿ ಚರ್ಚಿಸಬೇಕು, ರಾತ್ರಿ ಎದುರಿನ ಪೊದೆಯಿಂದ ಹಿಂದೂಸ್ತಾನಿಯಲ್ಲಿ “ಬನ್ನಿ ಸೋದರರೇ” ಎಂಬ ಕೂಗು ಬಂದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಮೊದಲೇ ತಿಳಿದಿರಬೇಕು ಎಂಬುದು ಆ ಗುಂಪುಗಳ ಉದ್ದೇಶ. ಎದುರಿಗೆ ಬರುವ ಕೂಗು ಯಾರದು, ಅದು ಏನು ಹೇಳುತ್ತದೆ ಎಂಬುದು ಮುಂಚಿತವಾಗಿ ಗೊತ್ತಿದ್ದರೆ ಅದರ ಅರ್ಧ ಶಕ್ತಿ ಅಲ್ಲಿಗೇ ಹೋಗುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬರೀ ಮಾತಿನಿಂದ ಇದು ನಿಲ್ಲುತ್ತಿರಲಿಲ್ಲ. ಸಂಬಳದ ತಾರತಮ್ಯವನ್ನು ತಗ್ಗಿಸಬೇಕಾಯಿತು. ಯುದ್ಧದ ಆರಂಭದಲ್ಲಿ ನೂರರ ಲೆಕ್ಕದಲ್ಲಿದ್ದ ಭಾರತೀಯ ಅಧಿಕಾರಿಗಳು ಮುಗಿಯುವ ಹೊತ್ತಿಗೆ ಸಾವಿರಗಳ ಲೆಕ್ಕಕ್ಕೆ ಏರಬೇಕಾಯಿತು. ಇದನ್ನು ಪ್ರಧಾನ ದಂಡನಾಯಕ ಆಕಿನ್‌ಲೆಕ್ ಚೆನ್ನಾಗಿ ಅರಿತಿದ್ದ.

ಸೈನಿಕನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಕಾಗದಗಳಿಂದ. ಸೆನ್ಸಾರ್ ಕಚೇರಿಯವರು ಗುಟ್ಟು ಸೋರದಂತೆ ನೋಡಿಕೊಳ್ಳುವುದರ ಜೊತೆಗೆ, ಓದಿದ ಪತ್ರಗಳಿಂದ ಸಾಲುಗಳನ್ನು ಆಯ್ದು, ಸೈನಿಕರು ಯಾವುದಕ್ಕೆ ಗೊಣಗುತ್ತಿದ್ದಾರೆ ಎಂಬ ವರದಿಯನ್ನು ನಿಯತವಾಗಿ ಮೇಲಕ್ಕೆ ಕಳಿಸುತ್ತಿದ್ದರು. ಅದರಲ್ಲಿ ಶತ್ರುವಿನ ಸಿದ್ಧಾಂತಕ್ಕಿಂತ ಧಾನ್ಯದ ಬೆಲೆ, ಸಿಗದ ರಜೆ, ಮನೆಗೆ ತಲುಪದ ಹಣ, ದಾಯಾದಿಗಳು ಒತ್ತಿಕೊಂಡ ಜಮೀನುಗಳ ಮಾತೇ ಹೆಚ್ಚು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟದ ಗಡಿ ವ್ಯಾಜ್ಯವಿರುವ ಮನೆಯ ಮಗ ಎಲ್ಲಿದ್ದರೂ ಅವನ ಅರ್ಧ ಮನಸ್ಸು ಮುನ್ಸಿಫ್ ಕೋರ್ಟಿನಲ್ಲೇ ಇರುತ್ತದೆ. ಇದಕ್ಕೆ ಸರ್ಕಾರದ ಬಳಿ 1925ರಲ್ಲೇ ಮಾಡಿದ ಸೈನಿಕರ ದಾವೆಗಳ ಕಾಯಿದೆ ಇತ್ತು. ಕಕ್ಷಿದಾರ ಯುದ್ಧಸೇವೆಯಲ್ಲಿದ್ದು ಕೋರ್ಟಿಗೆ ಬರಲಾಗದಿದ್ದರೆ ದಾವೆಯನ್ನು ಮುಂದೂಡಲು ಅದು ಅವಕಾಶ ಕೊಡುತ್ತಿತ್ತು. ಆ ಸಂಗತಿಯನ್ನು ಜಿಲ್ಲಾಧಿಕಾರಿಯೇ ಕೋರ್ಟಿಗೆ ತಿಳಿಸಬಹುದಾಗಿತ್ತು. ಯುದ್ಧದ ಚರಿತ್ರೆ ಬರೆಯುವವರು ಈ ಕಾಯಿದೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ನನ್ನ ಮಟ್ಟಿಗೆ ಅದು ಹತ್ತು ಸಾವಿರ ಕರಪತ್ರಗಳಿಗೆ ಉತ್ತರ.

ಇನ್ನು ಚಳಿಜ್ವರದ ವಿಷಯ. ಹಿಂದೆ ಮಲೇರಿಯಾದಿಂದ ಮಲೆನಾಡಿನ ಊರುಗಳೇ ಬರಿದಾದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನಿನ ಕಾಡಿನಲ್ಲೂ ಮಲೆನಾಡಿನಂತೆ ಜೋರು ಮಳೆ. ಬ್ರಿಟಿಷ್ ಜನರಲ್ ಸ್ಲಿಮ್ 1943ರ ಕೊನೆಯಲ್ಲಿ ಬರ್ಮಾ ರಂಗದ ಹದಿನಾಲ್ಕನೇ ಸೇನೆಯ ಅಧಿಕಾರ ವಹಿಸಿಕೊಂಡಾಗ, ಗಾಯಗೊಂಡು ಹಿಂದಕ್ಕೆ ಹೋಗುವ ಒಬ್ಬ ಸೈನಿಕನಿಗೆ ಪ್ರತಿಯಾಗಿ ಕಾಯಿಲೆಯಿಂದ ಹೋಗುವವರು 120 ಮಂದಿ ಇದ್ದರು ಎಂದು ಅವನೇ ಬರೆದಿದ್ದಾನೆ. ಮಲೇರಿಯಾದ ಮದ್ದಾದ ಕ್ವಿನೈನ್ ಹೆಚ್ಚಾಗಿ ಬರುತ್ತಿದ್ದ ಜಾವಾ ಜಪಾನೀಯರ ಕೈಸೇರಿದ್ದರಿಂದ ಅದು ಸಿಗುತ್ತಿರಲಿಲ್ಲ. ಅದರ ಬದಲು ಮೆಪಾಕ್ರಿನ್ ಎಂಬ ಗುಳಿಗೆಯನ್ನು ದಿನವೂ ನುಂಗಬೇಕಿತ್ತು. ಅಷ್ಟರಲ್ಲಿ ಈ ಗುಳಿಗೆ ನುಂಗಿದವನ ಪುರುಷತ್ವ ಹೋಗುತ್ತದೆ ಎಂಬ ಗುಸುಗುಸು ಶುರುವಾಯಿತು.

ಈ ವದಂತಿಯನ್ನು ಯಾರು ಹುಟ್ಟಿಸಿದರು ಎಂದು ಹುಡುಕುವುದಕ್ಕಿಂತ ಅದು ಹೇಗೆ ಹಬ್ಬಿತು ಎಂದು ನೋಡುವುದು ಉಪಯುಕ್ತ. ಗುಳಿಗೆ ವಿಪರೀತ ಕಹಿ. ಕೆಲವು ವಾರ ನುಂಗಿದರೆ ಚರ್ಮ ಹಳದಿಯಾಗುತ್ತಿತ್ತು. ದೇಹದ ಹೊರಗೆ ಕಣ್ಣಿಗೆ ಕಾಣುವ ಬದಲಾವಣೆ ಆಗುತ್ತಿರುವಾಗ, ಒಳಗೆ ಕಾಣದ ಇನ್ನೊಂದು ಬದಲಾವಣೆಯೂ ಆಗುತ್ತಿದೆ ಎಂದು ನಂಬುವುದು ಕಷ್ಟವಲ್ಲ. ಮೇಲಾಗಿ ಇದು ನಾಚಿಕೆಯ ವಿಷಯವಾದ್ದರಿಂದ ಡಾಕ್ಟರನ್ನು ಯಾರೂ ನೇರವಾಗಿ ಕೇಳುವಂತಿರಲಿಲ್ಲ, ಹಾಗಾಗಿ ಸರಿಯಾದ ಉತ್ತರ ಯಾರಿಗೂ ತಲುಪುತ್ತಿರಲಿಲ್ಲ. ಜವಾನ ಗುಳಿಗೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳಿದರೆ ಮುಗಿಯಿತು. ಶತ್ರು ಒಂದು ಗುಂಡನ್ನೂ ಖರ್ಚು ಮಾಡದೆ ಒಂದು ಪಲ್ಟನ್ ಮಲಗಿಬಿಡುತ್ತಿತ್ತು.

ಸ್ಲಿಮ್ ಇದಕ್ಕೆ ಭಾಷಣದಿಂದ ಉತ್ತರಿಸಲಿಲ್ಲ. ಜವಾನರನ್ನು ಸಾಲಾಗಿ ನಿಲ್ಲಿಸಿ ಗುಳಿಗೆಯನ್ನು ಎಲ್ಲರೆದುರು ನುಂಗಿಸಲಾಯಿತು, ಅಧಿಕಾರಿಗಳೂ ನುಂಗಿದರು. ಹೇಳದೆ ಕೇಳದೆ ಯಾವುದಾದರೊಂದು ತುಕಡಿಗೆ ಹೋಗಿ ಪ್ರತಿಯೊಬ್ಬನ ರಕ್ತ ಪರೀಕ್ಷೆ ಮಾಡಿಸುವ ವ್ಯವಸ್ಥೆಯಾಯಿತು; ಶೇಕಡಾ 95ಕ್ಕಿಂತ ಕಡಿಮೆ ಮಂದಿಯ ರಕ್ತದಲ್ಲಿ ಔಷಧಿ ಕಂಡರೆ ಶಿಕ್ಷೆ ಜವಾನನಿಗಲ್ಲ, ತುಕಡಿಯ ಮುಖ್ಯಸ್ಥನಿಗೆ. ಮೂವರನ್ನು ಹುದ್ದೆಯಿಂದ ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಗಿತ್ತು ಎಂದು ಅವನು ಬರೆಯುತ್ತಾನೆ. ಇದರ ಜೊತೆಗೆ ಜ್ವರ ಬಂದವನನ್ನು ತಿಂಗಳುಗಟ್ಟಲೆ ಭಾರತದ ದೂರದ ಆಸ್ಪತ್ರೆಗೆ ಸಾಗಿಸುವ ಬದಲು, ಯುದ್ಧರಂಗದ ಹಿಂದೆ ಕೆಲವೇ ಮೈಲಿ ದೂರದಲ್ಲಿ ಚಿಕಿತ್ಸಾ ಘಟಕಗಳನ್ನು ತೆರೆಯಲಾಯಿತು. ಕೆಲವು ವಾರಗಳಲ್ಲೇ ಅವನು ತನ್ನದೇ ಪಲ್ಟನ್ನಿಗೆ, ತನ್ನದೇ ಜೊತೆಗಾರರ ಬಳಿಗೆ ಮರಳುತ್ತಿದ್ದ. ಈ ಕೊನೆಯ ಅಂಶವನ್ನು ಗಮನಿಸಬೇಕು. ಪರಿಚಯದವರ ನಡುವೆ ಇರುವ ಸೈನಿಕನಿಗೆ ತನ್ನ ಪಕ್ಕದವನ ಎದುರು ಸಣ್ಣವನಾಗಬಾರದು ಎಂಬ ಕಾಳಜಿ ಇರುತ್ತದೆ, ಅಪರಿಚಿತರ ನಡುವೆ ಬಿದ್ದವನಿಗೆ ಅದು ಇರುವುದಿಲ್ಲ. ಅಮೆರಿಕದ ಶಿಲ್ಸ್ ಮತ್ತು ಜನೋವಿಟ್ಸ್ ಎಂಬ ಸಮಾಜಶಾಸ್ತ್ರಜ್ಞರು ಜರ್ಮನ್ ಸೈನ್ಯವನ್ನು ಕುರಿತು 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡುಬಂದಿತು: ಜೊತೆಗಾರರ ಗುಂಪು ಒಡೆಯದಿರುವವರೆಗೆ ಮಿತ್ರರಾಷ್ಟ್ರಗಳ ರಾಜಕೀಯ ಪ್ರಚಾರ ಜರ್ಮನ್ ಸಿಪಾಯಿಗೆ ಹೆಚ್ಚು ತಾಗಲಿಲ್ಲ.

ಜಪಾನೀಯರು ಕಾಡಿನಲ್ಲಿ ಅಜೇಯರು ಎಂಬ ನಂಬಿಕೆಯನ್ನು ತೊಡೆಯಲೂ ಸ್ಲಿಮ್ ಇಂಥದೇ ದಾರಿ ಹಿಡಿದ. ಮೊದಲು ಚಿಕ್ಕ ಗಸ್ತುಗಳನ್ನು ಕಳಿಸಿ, ಗೆದ್ದು ಬಂದವರು ತಮ್ಮವರಿಗೆ ತಾವೇ ಕಥೆ ಹೇಳುವಂತೆ ಮಾಡಿದ. ಆಮೇಲೆ ಜಪಾನೀಯರ ಒಂದು ಕಂಪನಿಯ ಮೇಲೆ ಇಡೀ ಬ್ರಿಗೇಡನ್ನು, ಒಂದು ಪ್ಲಟೂನಿನ ಮೇಲೆ ಇಡೀ ಬೆಟಾಲಿಯನ್ನನ್ನು ಹರಿಹಾಯಿಸಿದ. ಇದು ದುಂದು ಎಂದವರಿಗೆ, ಈ ಹಂತದಲ್ಲಿ ಸಣ್ಣ ಸೋಲನ್ನೂ ತಾಳಿಕೊಳ್ಳುವ ಶಕ್ತಿ ತನ್ನ ಸೈನ್ಯಕ್ಕಿಲ್ಲ ಎಂಬುದು ಅವನ ಉತ್ತರವಾಗಿತ್ತು.

ಪರೀಕ್ಷೆ ಬಂದದ್ದು 1944ರ ಫೆಬ್ರವರಿಯಲ್ಲಿ. ಅರಾಕಾನಿನಲ್ಲಿ ಜಪಾನೀಯರು ಏಳನೇ ಭಾರತೀಯ ಡಿವಿಷನ್ನಿನ ಹಿಂದಕ್ಕೆ ನುಗ್ಗಿ ಅದನ್ನು ಸುತ್ತುವರಿದರು. ಎರಡು ವರ್ಷದ ಹಿಂದೆ ಹೀಗಾಗಿದ್ದರೆ ಸೈನ್ಯ ಚದುರಿ ಹಿಂದೆ ಸರಿಯುತ್ತಿತ್ತು. ಈ ಸಲ ಸುತ್ತುವರಿದರೂ ಜಾಗ ಬಿಡಬೇಡಿ, ಬೇಕಾದ್ದನ್ನು ವಿಮಾನದಿಂದ ಇಳಿಸುತ್ತೇವೆ ಎಂದು ಮೊದಲೇ ಹೇಳಲಾಗಿತ್ತು, ಹೇಳಿದಂತೆಯೇ ಅಕ್ಕಿ, ಮದ್ದುಗುಂಡು, ಔಷಧಿ ಬಂದವು. ಅಲ್ಲಿನ ಚಿಕಿತ್ಸಾ ಕೇಂದ್ರಕ್ಕೆ ನುಗ್ಗಿದ ಜಪಾನೀ ಸೈನಿಕರು ಗಾಯಾಳುಗಳನ್ನೂ ವೈದ್ಯರನ್ನೂ ಕೊಂದ ಸುದ್ದಿ ಹರಡಿದ ಮೇಲೆ ಜೋಶ್ ಗುಂಪಿನವರು ಬಾಯಿಬಿಟ್ಟು ಹೇಳಬೇಕಾದದ್ದೇನೂ ಉಳಿಯಲಿಲ್ಲ.

ಮುಂದಿನ ತಿಂಗಳು ಇಂಫಾಲದತ್ತ ಬಂದ ಜಪಾನೀ ಸೇನೆಯ ಬಳಿ ಇದ್ದದ್ದು ಸುಮಾರು ಮೂರು ವಾರದ ಆಹಾರ. ಅಷ್ಟರೊಳಗೆ ಬ್ರಿಟಿಷರ ಉಗ್ರಾಣಗಳು ಕೈಗೆ ಸಿಗುತ್ತವೆ ಎಂಬ ಭರವಸೆ. ಅವರ ಜೊತೆ ಬಂದ ಆಜಾದ್ ಹಿಂದ್ ಫೌಜಿನವರಿಗೆ ಇನ್ನೊಂದು ಭರವಸೆಯಿತ್ತು, ತಮ್ಮ ಕರೆ ಕೇಳಿದೊಡನೆ ಎದುರಿನ ಭಾರತೀಯ ತುಕಡಿಗಳು ಇಡಿಯಾಗಿ ಈಚೆ ಬರುತ್ತವೆ ಎಂದು. ಅಲ್ಲೊಬ್ಬರು ಇಲ್ಲೊಬ್ಬರು ಬಂದರೇ ಹೊರತು ತುಕಡಿಗಳು ಬರಲಿಲ್ಲ. ಮಳೆ ಹಿಡಿದು, ಅನ್ನ ಮುಗಿದು, ಜ್ವರಕ್ಕೆ ಮದ್ದಿಲ್ಲದೆ ಹೋದಾಗ ಫೌಜಿನವರೇ ಬ್ರಿಟಿಷರಿಗೆ ಶರಣಾಗತೊಡಗಿದರು. ಅವರ ಧ್ಯೇಯ ಸಣ್ಣದೆಂದು ಇದರಿಂದ ಸಿದ್ಧವಾಗುವುದಿಲ್ಲ. ಧ್ಯೇಯ ಎಷ್ಟೇ ದೊಡ್ಡದಿದ್ದರೂ ಖಾಲಿ ಹೊಟ್ಟೆಯಲ್ಲಿ ಎಷ್ಟು ವಾರ ನಿಲ್ಲಬಲ್ಲದು ಎಂಬುದಷ್ಟೇ ತಿಳಿಯುತ್ತದೆ.

ಹಾಗಾದರೆ ಬ್ರಿಟಿಷರು ಸಿಪಾಯಿಯ ಮನಸ್ಸನ್ನು ಗೆದ್ದರೇ ಎಂದು ಮರುಪ್ರಶ್ನೆ ಬರುತ್ತದೆ. ಜಪಾನಿನ ವಿರುದ್ಧ ಕಾದಾಡುವಷ್ಟು ಮಟ್ಟಿಗೆ ಗೆದ್ದರು, ಅದಕ್ಕಿಂತ ಹೆಚ್ಚಲ್ಲ. 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಫೌಜಿನ ಅಧಿಕಾರಿಗಳ ವಿಚಾರಣೆ ಶುರುವಾದಾಗ ದೇಶದ ಅನುಕಂಪ ಆರೋಪಿಗಳ ಕಡೆಗಿತ್ತು, ಸೈನ್ಯದೊಳಗೂ ಅನೇಕರದು ಅದೇ ಭಾವನೆ. 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ನಾವಿಕರು ಕೆಟ್ಟ ಊಟ ಮತ್ತು ಅಧಿಕಾರಿಗಳ ಬೈಗುಳದ ವಿರುದ್ಧ ಮುಷ್ಕರ ಹೂಡಿದರು, ಅದು ದಿನಗಳಲ್ಲೇ ಕರಾಚಿಯವರೆಗೆ ಹಬ್ಬಿತು. ಆ ಹೊತ್ತಿಗೆ ಕರಪತ್ರ ಎಸೆಯುವ ಜಪಾನೀಯರು ಯಾರೂ ಉಳಿದಿರಲಿಲ್ಲ.