ಅಕ್ಕಿ ಡಬ್ಬಿಯೊಳಗಿನ ತುಪ್ಪ

ಜುಲೈ 17, 2024, ಬುಧವಾರ
ಬದಿಯಡ್ಕ

ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ತೋಟಕ್ಕೆ ಹೋಗುವ ಹಾಗಿಲ್ಲ, ಬಟ್ಟೆ ಒಣಗುವುದಿಲ್ಲ. ಅದಕ್ಕೇ ಈ ನಾಲ್ಕು ದಿನ ತುಪ್ಪದ ಹಿಂದೆ ಬಿದ್ದ ಕಥೆ ಬರೆದುಬಿಡುತ್ತೇನೆ.

ಹೋದ ವಾರ ಬೆಂಗಳೂರಿನಿಂದ ಅತ್ತಿಗೆ ಫೋನ್ ಮಾಡಿದ್ದರು. ಅಣ್ಣನ ಕೈಯಲ್ಲಿ ಕಳಿಸಿದ ತುಪ್ಪದ ವಿಷಯ. "ಈ ಸಲ ಏನು ಮಾರಾಯ್ತಿ, ಒಳ್ಳೆ ಮೇಣದ ಹಾಗಿದೆ. ಹರಳೇ ಇಲ್ಲ. ಬೆಣ್ಣೆ ಹೊರಗಿಂದ ತಂದದ್ದಾ?" ನನಗೆ ಸ್ವಲ್ಪ ಚುರುಕ್ ಅಂತು. ನಮ್ಮದೇ ಹಟ್ಟಿಯ ದನದ ಹಾಲು, ನಾನೇ ಕಡೆದ ಬೆಣ್ಣೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಅಣ್ಣನಿಗೆ ಸಂಜೆ ಬಸ್ಸಿತ್ತು, ತುಪ್ಪ ಕಾಯಿಸಿದ್ದೇ ಮಧ್ಯಾಹ್ನ. ಬಿಸಿ ಬಾಟಲಿಯನ್ನು ತಣ್ಣೀರಿನ ಬಾಲ್ದಿಯಲ್ಲಿಟ್ಟು, ಆಮೇಲೆ ಫ್ರಿಜ್ಜಿಗೆ ತಳ್ಳಿ, ಗಟ್ಟಿಯಾದದ್ದೇ ಕಟ್ಟಿ ಕಳಿಸಿದ್ದೆ. ತಪ್ಪು ಬೆಣ್ಣೆಯದ್ದಲ್ಲ, ನನ್ನ ಅವಸರದ್ದು.

ಆದರೂ ಕಣ್ಣಾರೆ ನೋಡಬೇಕು ಅನ್ನಿಸಿತು. ಭಾನುವಾರ ಎರಡು ಕಿಲೋ ಬೆಣ್ಣೆ ಕಾಯಿಸಿದೆ. ಸುಮಾರು ಒಂದೂವರೆ ಕಿಲೋ ತುಪ್ಪ ಸಿಕ್ಕಿತು. ಗಸಿ ಸೋಸಿ, ಉರುಳಿಯಲ್ಲೇ ಸ್ವಲ್ಪ ಆರಲು ಬಿಟ್ಟೆ. ಮಗಳು ಕೇಕಿಗೆಂದು ತಂದ ಸೂಜಿ ಥರ್ಮಾಮೀಟರ್ 60 ಡಿಗ್ರಿ ತೋರಿಸುವಾಗ ಒಂದೇ ಅಳತೆಯ ಮೂರು ಬಾಟಲಿಗೆ ಸುರಿದೆ. ಒಂದು ಫ್ರಿಜ್ಜಿಗೆ. ಒಂದು ಅಡುಗೆಮನೆಯ ಕಲ್ಲಿನ ಕಟ್ಟೆ ಮೇಲೆ. ಮೂರನೆಯದನ್ನು ಹಳೆ ಕಂಬಳಿಯಲ್ಲಿ ಸುತ್ತಿ ಕುಚ್ಚಿಲಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಅತ್ತೆ ನೋಡಿ ನಕ್ಕರು. "ಬಾಳೆಗೊನೆ ಹಣ್ಣು ಮಾಡಲಿಕ್ಕೆ ಇಟ್ಟ ಹಾಗಾಯಿತು."

ಫ್ರಿಜ್ಜಿನದ್ದು ಒಂದು ಗಂಟೆಗೇ ಅಂಚಿನಿಂದ ಬಿಳಿಯಾಗಿ ಬಿಗಿಯಿತು. ನಡುವಿನ ತುಪ್ಪ ಮಾತ್ರ ಇನ್ನೂ ಎಣ್ಣೆ. ಮರುದಿನ ಬೆಳಗ್ಗೆ ಪೂರ್ತಿ ಕಲ್ಲು. ಹೊರಗಿಟ್ಟ ಮೇಲೆ ಮೆತ್ತಗಾಯಿತು, ಆದರೆ ಬೆರಳಲ್ಲಿ ತಿಕ್ಕಿದರೆ ನುಣ್ಣಗೆ, ಮುಲಾಮು ಮುಟ್ಟಿದ ಹಾಗೆ. ಕಟ್ಟೆಯ ಮೇಲಿನದ್ದರಲ್ಲಿ ಚಿರೋಟಿ ರವೆಯಷ್ಟು ಸಣ್ಣ ಹರಳು ಬಂದಿತ್ತು.

ಅಕ್ಕಿ ಡಬ್ಬಿಯದ್ದು ಸೋಮವಾರ ಬೆಳಗ್ಗೆ ಆರಕ್ಕೂ ತಿಳಿ ಎಣ್ಣೆಯೇ. ಸೂಜಿ ಚುಚ್ಚಿದರೆ 31 ಡಿಗ್ರಿ. ಹಾಳಾಯಿತು ಅಂದುಕೊಂಡು ಮತ್ತೆ ಹೂತೆ. ಮಧ್ಯಾಹ್ನ ತೆಗೆದು ಬೆಳಕಿಗೆ ಹಿಡಿದೆ. ತಿಳಿ ಹಳದಿಯೊಳಗೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ. ಅವು ತೇಲಲಿಲ್ಲ, ಮೆಲ್ಲಗೆ ತಳಕ್ಕೆ ಇಳಿಯುತ್ತಿದ್ದವು. ಮಂಗಳವಾರದ ಹೊತ್ತಿಗೆ ಕೆಳಗೆ ಉಪ್ಪಿಟ್ಟು ರವೆಯಷ್ಟು ದಪ್ಪ ಹರಳಿನ ರಾಶಿ, ಮೇಲೆ ಎರಡು ಬೆರಳು ಎಣ್ಣೆ. ಒಂದೇ ಉರುಳಿಯ ತುಪ್ಪ ಇದು, ಹೇಳಿದರೆ ಯಾರೂ ನಂಬರು.

ಇದಕ್ಕೆ ಕಾರಣ ಇಷ್ಟೇ. ತುಪ್ಪ ಅಂದರೆ ಒಂದೇ ಜಾತಿಯ ಕೊಬ್ಬಲ್ಲ. ಕೆಲವು ಕೊಬ್ಬು ಮೂವತ್ತರ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ನೋಡುತ್ತವೆ. ಕೆಲವು ಫ್ರಿಜ್ಜಿನಲ್ಲಿಟ್ಟರೂ ಎಣ್ಣೆಯಾಗಿಯೇ ಇರುತ್ತವೆ. ನಿಧಾನ ಆರುವಾಗ ಬೇಗ ಗಟ್ಟಿಯಾಗುವವು ಮಾತ್ರ ಮೊದಲು ಬೇರೆಯಾಗುತ್ತವೆ. ಆಗ ಹುಟ್ಟುವ ಹರಳಿನ ಮೊಳಕೆಗಳು ಬೆರಳೆಣಿಕೆಯಷ್ಟು. ಸುತ್ತಲಿನ ಅಂಥದೇ ಕೊಬ್ಬೆಲ್ಲ ಹೊಸ ಮೊಳಕೆ ಕಟ್ಟುವ ಬದಲು ಇದ್ದ ಮೊಳಕೆಗೇ ಹೋಗಿ ಅಂಟುತ್ತದೆ. ಹಾಗಾಗಿ ಹರಳು ದಪ್ಪ. ಕಲ್ಲುಸಕ್ಕರೆ ಆಗುವುದೂ ಹೀಗೇ ಅಲ್ವಾ, ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಟ್ಟರೆ ಮಾತ್ರ.

ಫ್ರಿಜ್ಜಿನಲ್ಲಿ ಆಗುವುದು ಇದರ ತಿರುಗುಮುರುಗು. ಸಟ್ಟನೆ ಚಳಿ ಹೊಡೆದಾಗ ಲೆಕ್ಕವಿಲ್ಲದಷ್ಟು ಮೊಳಕೆ ಒಟ್ಟಿಗೇ ಹುಟ್ಟುತ್ತವೆ. ಯಾವುದಕ್ಕೂ ಬೆಳೆಯಲು ಕೊಬ್ಬು ಸಾಕಾಗುವುದಿಲ್ಲ. ಬೇಗ ಗಟ್ಟಿಯಾಗುವ ಕೊಬ್ಬು, ತಡವಾಗಿ ಆಗುವ ಕೊಬ್ಬು ಎಲ್ಲ ಸೇರಿ ಒಂದೇ ಮುದ್ದೆ. ಆ ಸಣ್ಣ ಹರಳುಗಳ ಜೇಡರಬಲೆಯಲ್ಲಿ ಎಣ್ಣೆ ಸಿಕ್ಕಿಬೀಳುತ್ತದೆ. ಮೇಲೆ ತಿಳಿ ನಿಲ್ಲದೆ ಇಡೀ ಬಾಟಲಿ ಮೇಣದ ಹಾಗೆ ಕಾಣುವುದು ಅದಕ್ಕೇ.

ಮಳೆಗಾಲದ ತುಪ್ಪದ ಹರಳೇ ಚೆಂದ ಅಂತ ಅತ್ತೆ ಯಾವಾಗಲೂ ಹೇಳುತ್ತಾರೆ. ನಾನು ಅದನ್ನು ಹಸಿ ಹುಲ್ಲಿನ ಲೆಕ್ಕಕ್ಕೆ ಹಾಕಿದ್ದೆ. ಈಗ ಅನ್ನಿಸುತ್ತದೆ, ಹವೆಯದ್ದೂ ಪಾಲಿದೆ. ಈ ತಿಂಗಳು ನಮ್ಮ ಅಡುಗೆಮನೆ ಹಗಲು ರಾತ್ರಿ 26ರಿಂದ 28 ಡಿಗ್ರಿ. ಹರಳು ಬೆಳೆಯಲು ಇದಕ್ಕಿಂತ ಒಳ್ಳೆ ಜಾಗ ಬೇಡ. ಏಪ್ರಿಲಿನಲ್ಲಿ ಏನು ಸರ್ಕಸ್ ಮಾಡಿದರೂ ಪ್ರಯೋಜನವಿಲ್ಲ. ಮಧ್ಯಾಹ್ನ ಮನೆಯೇ 33 ಡಿಗ್ರಿ ಆಗುವಾಗ ತಳದಲ್ಲಿ ನಾಲ್ಕು ಹರಳು ಉಳಿದರೆ ಪುಣ್ಯ.

ಆಚೆ ಮನೆಯವರದ್ದು ಎಮ್ಮೆ. ಅವರ ತುಪ್ಪ ಹೇಗೆ ಆರಿಸಿದರೂ ನಮ್ಮದಕ್ಕಿಂತ ದಪ್ಪ ಹರಳು. ಎಮ್ಮೆ ಹಾಲಿನಲ್ಲಿ ಬೇಗ ಗಟ್ಟಿಯಾಗುವ ಕೊಬ್ಬು ಜಾಸ್ತಿ. ಅದರಲ್ಲಿ ನಾನು ಪೈಪೋಟಿಗೆ ಹೋಗುವುದಿಲ್ಲ.

ಹರಳಿದ್ದರೆ ಶುದ್ಧ, ಇಲ್ಲದಿದ್ದರೆ ಕಲಬೆರಕೆ ಅನ್ನುವ ಮಾತು ಮಾತ್ರ ಪೊಳ್ಳು. ವನಸ್ಪತಿಯನ್ನೂ ತುಪ್ಪದ ಹಾಗೆ ಕಾಣಲೆಂದೇ ಹರಳು ಹರಳಾಗಿ ಮಾಡುತ್ತಾರೆ. ನಮ್ಮ ದೇಶದಲ್ಲಿ ವನಸ್ಪತಿಗೆ ಎಳ್ಳೆಣ್ಣೆ ಸೇರಿಸಲೇಬೇಕೆಂಬ ಕಾನೂನು ಬಂದದ್ದೇ ತುಪ್ಪಕ್ಕೆ ಬೆರೆಸಿದರೆ ಲ್ಯಾಬಿನಲ್ಲಿ ಬಣ್ಣ ಬಂದು ಸಿಕ್ಕಿಬೀಳಲಿ ಅಂತ. ಕಣ್ಣಿಂದಲೇ ಗೊತ್ತಾಗುವಂತಿದ್ದರೆ ಅಷ್ಟೆಲ್ಲ ಯಾಕೆ ಬೇಕಿತ್ತು? ಮನೆಯಲ್ಲಿ ನಾವು ನೋಡಬಹುದಾದದ್ದು ಬೇರೆ. ಬೆರಳ ನಡುವೆ ಹಿಡಿದ ಹರಳು ಮೈ ಬಿಸಿಗೆ ಕರಗಿ ಮಾಯವಾದರೆ ಅದು ಕೊಬ್ಬು. ಕರಗದೆ ಕರಕರ ಅಂದರೆ ಸರಿಯಾಗಿ ಸೋಸದ ಗಸಿ.

ನಿನ್ನೆ ಫ್ರಿಜ್ಜಿನ ಬಾಟಲಿಯನ್ನು ರಿಪೇರಿ ಮಾಡಲು ಕೂತೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಮತ್ತೆ 60 ಡಿಗ್ರಿಗೆ ತಂದೆ. ಸುಮ್ನೆ ಕರಗಿದಂತೆ ಕಂಡರೆ ಸಾಲದು. ಕಣ್ಣಿಗೆ ಕಾಣದ ಹಳೆಯ ಸಣ್ಣ ಹರಳು ಉಳಿದರೆ, ಆರುವಾಗ ಅವೇ ಮೊಳಕೆಯಾಗಿ ಮತ್ತೆ ನುಣ್ಣಗಾಗುತ್ತದೆ. ಆಮೇಲೆ ಅಕ್ಕಿ ಡಬ್ಬಿಯ ತುಪ್ಪದಿಂದ ಒಂದು ಚಮಚ ಹರಳು ಹಾಕಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆದರೆ ಅವಸರ ನನ್ನನ್ನು ಬಿಡಬೇಕಲ್ಲ! 40 ಡಿಗ್ರಿ ಇರುವಾಗಲೇ ಹಾಕಿದ್ದೆ, ಹರಳು ಕರಗಿಯೇ ಹೋಯಿತು. ಕುದಿಯುವ ಹಾಲಿಗೆ ಮಜ್ಜಿಗೆ ಹಾಕಿದರೆ ಇನ್ನೇನಾಗುತ್ತದೆ? 30ಕ್ಕೆ ಇಳಿಯುವವರೆಗೆ ಕಾದು ಇನ್ನೊಂದು ಚಮಚ ಹಾಕಿದೆ. ಒಂದೇ ಸುತ್ತು ಕದಡಿ, ಕಂಬಳಿ ಸುತ್ತಿ ಡಬ್ಬಿಗಿಟ್ಟೆ. ಮತ್ತೆ ಮತ್ತೆ ಕಲಕಬಾರದು, ಬೆಳೆಯುವ ಹರಳು ಒಡೆದು ಚೂರಾಗುತ್ತದೆ. ಇವತ್ತು ಸಂಜೆ ತೆಗೆದರೆ ತಳ ತುಂಬಾ ರವೆ.

ಅತ್ತಿಗೆಗೂ ಇದನ್ನೇ ಹೇಳಿದ್ದೆ. ಅಲ್ಲಿ ಚಳಿ ಸ್ವಲ್ಪ ಜಾಸ್ತಿ, ಅದಕ್ಕೆ ಎರಡು ಟವೆಲ್ ಸುತ್ತಿ ಅಂದಿದ್ದೆ. ಈಗ ತಾನೇ ಫೋಟೋ ಕಳಿಸಿದ್ದಾರೆ, ಹರಳು ಬಂದಿದೆ. ಕೆಳಗೊಂದು ಪ್ರಶ್ನೆ. "ಇನ್ನು ಫ್ರಿಜ್ಜಲ್ಲಿಟ್ಟರೆ ಪುನಃ ಮೇಣ ಆಗುತ್ತದಾ?" ಆಗುವುದಿಲ್ಲ, ಮೇಲಿನ ಎಣ್ಣೆ ಗಟ್ಟಿಯಾಗುತ್ತದೆ ಅಷ್ಟೇ, ಬೆಳೆದ ಹರಳು ಹಾಗೇ ಇರುತ್ತದೆ ಅಂತ ಬರೆದೆ. ಬಡಿಸುವಾಗ ಚಮಚ ತಳಕ್ಕೆ ಹಾಕಿ ಅಂತಲೂ ಸೇರಿಸಿದೆ. ಇಲ್ಲದಿದ್ದರೆ ಮೊದಲು ಕೂತ ಅಣ್ಣನಿಗೆ ಬರೀ ಎಣ್ಣೆ, ಕೊನೆಗೆ ಕೂರುವ ಅತ್ತಿಗೆಗೇ ಹರಳೆಲ್ಲ.