ಗಂಜಿ ಪಾತ್ರೆಯ ಚೀಟಿ

"ರೂಮ್‌ಮೇಟ್ ಮನೆಗೆಲಸಕ್ಕೆ ಕೈ ಹಾಕುವುದಿಲ್ಲ. ಜಗಳ ಅನ್ನಿಸಬಾರದು, ಕೊಂಕು ಅಂತಲೂ ಅನ್ನಿಸಬಾರದು. ತಮಾಷೆಯಾಗಿ ಹೇಗೆ ಹೇಳುವುದು?"

ಮಂಗಳೂರಿನ ಬಿಜೈಯಲ್ಲಿ ಗೆಳತಿಯೊಬ್ಬಳ ಜೊತೆ ಆರು ವರ್ಷ ಬಾಡಿಗೆ ಮನೆ ಹಂಚಿಕೊಂಡಿದ್ದೆ ಎನ್ನುವ ಒಂದೇ ಕಾರಣಕ್ಕೆ ಇದನ್ನು ನನ್ನಲ್ಲಿ ಕೇಳುತ್ತಾರೆ. ಉತ್ತರ ಹೇಳುವ ಮೊದಲೇ ಇನ್ನೊಂದು ಮಾತು ಸೇರಿಸುತ್ತಾರೆ: "ಅವಳಿಗೆ ಅರ್ಥ ಆಗಬೇಕು, ಆದರೆ ನಾನು ಹೇಳಿದ ಹಾಗೆ ಇರಬಾರದು." ನನಗೆ ಸಿಟ್ಟು ಬರುವುದು ಇಲ್ಲಿಯೇ. ಹೇಳಿದ್ದು ತಾನು ಎಂದು ಗೊತ್ತಾಗದೆ ಮಾತು ಮಾತ್ರ ನಾಟಬೇಕು ಎಂದರೆ ಅದಕ್ಕೆ ಕೊಂಕು ಎಂದೇ ಹೆಸರು. ನಗು ಬೆರೆಸಿದರೆ ಅದು ನಗುಮುಖದ ಕೊಂಕಾಗುತ್ತದೆ, ಅಷ್ಟೆ. ತಮಾಷೆ ಮಾಡುವವರು ಎದುರಿಗೆ ಕುಳಿತಿರಬೇಕು, ಕೇಳಿಸಿಕೊಂಡವಳಿಗೂ ತಿರುಗಿ ತಮಾಷೆ ಮಾಡಲು ಜಾಗ ಇರಬೇಕು.

ಇದನ್ನು ನಾನು ಕಲಿತದ್ದು ಒಂದು ಚೀಟಿಯಿಂದ. ನಮ್ಮ ಮನೆಯಲ್ಲಿ ರಾತ್ರಿ ಕುಚ್ಚಲಕ್ಕಿ ಗಂಜಿ. ತಿಳಿ ಉಕ್ಕಿ ಪಾತ್ರೆಯ ಕಂಠಕ್ಕೆ ಅಂಟಿದರೆ ಬೆಳಗಾಗುವಷ್ಟರಲ್ಲಿ ಬಿಳಿ ಹಾಳೆಯಂತೆ ಗಟ್ಟಿಯಾಗುತ್ತದೆ. ಉಗುರು ಹಾಕಿದರೂ ಏಳುವುದಿಲ್ಲ. ಒಂದು ದಿನ ಎದ್ದು ನೋಡಿದರೆ ಪಾತ್ರೆ ಸಿಂಕಿನಲ್ಲೇ ಇತ್ತು. ಅದರ ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ: "ನಾನು ಗಂಜಿ ಪಾತ್ರೆ. ಎರಡು ದಿನದಿಂದ ಸ್ನಾನವಿಲ್ಲ. ದಯವಿಟ್ಟು ಕರುಣೆ ತೋರಿಸಿ." ಪಕ್ಕದಲ್ಲಿ ಅಳುವ ಮುಖವನ್ನೂ ಬರೆದಿದ್ದೆ. ಬಹಳ ಚೆನ್ನಾಗಿದೆ ಎಂದುಕೊಂಡು ಆಫೀಸಿಗೆ ಹೋದೆ.

ಸಂಜೆ ಬಂದಾಗ ಪಾತ್ರೆ ಹೊಳೆಯುತ್ತಿತ್ತು. ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ತಟ್ಟೆಯ ಕೆಳಗೆ ಇಟ್ಟಿದ್ದಳು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಹೇಳಿದಳು: "ಮನೆಯಲ್ಲಿ ಇರುವುದು ಇಬ್ಬರು ಮಾರಾಯ್ತಿ. ಪಾತ್ರೆ ಯಾರ ಹತ್ತಿರ ಮಾತಾಡಿತು ಅಂತ ನನಗೆ ಗೊತ್ತಾಗುವುದಿಲ್ಲವಾ? ಅದಕ್ಕೆ ನೀರು ತುಂಬಿಸಿ ನೆನೆಯಲು ಇಟ್ಟಿದ್ದೆ. ಆರೂಮುಕ್ಕಾಲರ ಬಸ್ಸಿಗೆ ಓಡುವ ಮೊದಲು ಅಷ್ಟೇ ಆದದ್ದು." ಹೌದು, ಮುಚ್ಚಳ ತೆಗೆದು ನೋಡಿದ್ದರೆ ನೀರು ಕಾಣುತ್ತಿತ್ತು. ನಾನು ತೆಗೆದಿರಲಿಲ್ಲ. ಎರಡು ದಿನ ಎಂದದ್ದೂ ಸುಳ್ಳು, ಕಳೆದದ್ದು ಒಂದೇ ರಾತ್ರಿ.

ಚೀಟಿ ಕೆಟ್ಟದ್ದು ಪದಗಳಿಂದಲ್ಲ. ಅವಳು ದಣಿದು ಬಂದು ಒಬ್ಬಳೇ ನಿಂತು ಓದಿದಳು, ಉತ್ತರ ಕೊಡಲು ಎದುರಿಗೆ ಯಾರೂ ಇರಲಿಲ್ಲ. ಪಾತ್ರೆ ತೊಳೆಯುವುದು, ಇಲ್ಲವೇ ಸುಮ್ಮನಿರುವುದು, ಈ ಎರಡೇ ದಾರಿ ಬಿಟ್ಟಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಸಿಂಕಿನ ಫೋಟೋ ಕಳುಹಿಸಿ ನಗುವ ಚಿತ್ರ ಹಾಕುವವರೂ ಇದನ್ನೇ ಮಾಡುತ್ತಿದ್ದಾರೆ.

ಆಮೇಲೆ ನಮ್ಮನ್ನು ಉಳಿಸಿದ್ದು ಒಂದು ಸಣ್ಣ ಆಟ. ಭಾನುವಾರ ಮಧ್ಯಾಹ್ನ, ಇಬ್ಬರಿಗೂ ಹೊಟ್ಟೆ ತುಂಬಿರುವಾಗ, ಅಡುಗೆಮನೆಯಿಂದ ದೂರ ಕುಳಿತು, ಒಂದೊಂದು ಕಾಗದದ ತುಂಡು ತೆಗೆದುಕೊಳ್ಳಿ. ಈ ಮನೆಯ ಕೆಲಸದಲ್ಲಿ ನೂರಕ್ಕೆ ಎಷ್ಟು ನಾನು ಮಾಡುತ್ತೇನೆ ಎಂದು ಇಬ್ಬರೂ ಬರೆದು ಒಟ್ಟಿಗೆ ಬಿಚ್ಚಿ. ನಾನು 65 ಬರೆದಿದ್ದೆ, ಅವಳು 60. ಒಟ್ಟು 125. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ನಗು ಅವಳ ಮೇಲಿನದ್ದೂ ಅಲ್ಲ, ನನ್ನ ಮೇಲಿನದ್ದೂ ಅಲ್ಲ, ಲೆಕ್ಕದ ಮೇಲಿನದ್ದು. ಅದಕ್ಕೇ ಅದು ಯಾರನ್ನೂ ಚುಚ್ಚಲಿಲ್ಲ.

ಇದು ನಮ್ಮಿಬ್ಬರ ದೋಷವೂ ಅಲ್ಲ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರಿಂದ ಇದೇ ಲೆಕ್ಕ ಕೇಳಿದ್ದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿದಾಗ ಪೂರ್ತಿಗಿಂತ ಹೆಚ್ಚಾಯಿತು. ತಾನು ಮಾಡಿದ ಕೆಲಸ ಸುಲಭವಾಗಿ ನೆನಪಿಗೆ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಬರುವುದಿಲ್ಲ ಎಂಬುದು ಅವರು ಕೊಟ್ಟ ಮುಖ್ಯ ಕಾರಣ.

ಹೆಚ್ಚಾದ ಆ 25 ಎಲ್ಲಿಂದ ಬಂತು ಎಂದು ಹುಡುಕುತ್ತಾ ಕುಳಿತೆವು. ನಾನು ಅಡುಗೆ, ಗುಡಿಸುವುದು, ಬಾತ್‌ರೂಮ್ ತಿಕ್ಕುವುದನ್ನು ಲೆಕ್ಕ ಹಾಕಿದ್ದೆ. ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ನಾನು ಏಳುವ ಮೊದಲೇ ಹಸಿಕಸವನ್ನು ಕೆಳಗೆ ಇಟ್ಟು ಬರುವುದು, ಗ್ಯಾಸ್ ಬುಕ್ ಮಾಡುವುದು, ಪಂಪ್ ಕೆಟ್ಟರೆ ಮನೆಯೊಡೆಯರಿಗೆ ಫೋನ್ ಮಾಡಿ ಅನ್ನಿಸಿಕೊಳ್ಳುವುದು, ಮಳೆಗಾಲದಲ್ಲಿ ಕಪಾಟಿನ ಒಳಗಿನ ಬೂಷ್ಟು ಒರೆಸುವುದು. ನನ್ನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯದೆ ಇದ್ದದ್ದು ಯಾಕೆಂದು ನಾನು ಎರಡು ಮಳೆಗಾಲ ಯೋಚಿಸಿಯೇ ಇರಲಿಲ್ಲ.

ಯಾರಾದರೂ ನನ್ನಲ್ಲಿ "ಅವಳು ಮಾಡುತ್ತಿರುವ ಯಾವ ಕೆಲಸ ನನಗೆ ಕಾಣುತ್ತಿಲ್ಲ?" ಎಂದು ಕೇಳಲಿ ಎಂದು ಆಸೆಯಿದೆ. ಈವರೆಗೆ ಒಬ್ಬರೂ ಕೇಳಿಲ್ಲ.

ಆ ವರ್ಷ ಆಟಿ ತಿಂಗಳಲ್ಲಿ ಅಜ್ಜಿಮನೆಯಿಂದ ಚೆನ್ನೆಮಣೆ ತಂದೆ. ಎರಡು ಸಾಲು, ಒಂದೊಂದರಲ್ಲಿ ಏಳು ಗುಳಿ. ಒಂದು ಸಾಲು ಅವಳದ್ದು, ಒಂದು ನನ್ನದು, ಏಳು ಗುಳಿಗೆ ವಾರದ ಏಳು ದಿನ. ಕೆಲಸ ಮುಗಿಸಿದವಳು ತನ್ನ ಗುಳಿಗೆ ಮಂಜೊಟ್ಟಿ ಕಾಳು ಹಾಕಬೇಕು, ಇನ್ನೊಬ್ಬಳ ಗುಳಿಯನ್ನು ವಾರದ ನಡುವೆ ಎಣಿಸಬಾರದು. ಭಾನುವಾರ ರಾತ್ರಿ ಕಾಳು ಕಡಿಮೆ ಬಿದ್ದವಳು ಮುಂದಿನ ವಾರದ ಒಂದು ಕೆಲಸವನ್ನು ಎದುರಾಳಿಯ ಇಷ್ಟದಂತೆ ಮಾಡಬೇಕು.

ಮೊದಲ ವಾರವೇ ಆಟ ಕೆಟ್ಟಿತು. ನೀರಿನ ಬಾಟಲಿ ತುಂಬಿಸಿದ್ದಕ್ಕೂ ಒಂದು ಕಾಳು, ಬಾತ್‌ರೂಮ್ ತಿಕ್ಕಿದ್ದಕ್ಕೂ ಒಂದು ಕಾಳು. ಕುಳಿತು ದರ ನಿಗದಿ ಮಾಡಿದೆವು: ಬಾತ್‌ರೂಮಿಗೆ ಮೂರು, ಅಡುಗೆಗೆ ಎರಡು, ಮೀನು ಮಾಡಿದ ದಿನ ಪಾತ್ರೆಗೂ ಎರಡು, ಬಾಟಲಿಗೆ ಏನೂ ಇಲ್ಲ. ದರದ ಚರ್ಚೆಯಲ್ಲೇ ನಾವು ಹೇಳಿಕೊಳ್ಳಬೇಕಾದ ಮಾತೆಲ್ಲ ಹೇಳಿಕೊಂಡದ್ದಾಯಿತು. ಎರಡನೆಯ ವಾರ ಅವಳು ಇನ್ನೊಂದು ತಪ್ಪು ಹಿಡಿದಳು. ಅವಳು ಮನೆಯಲ್ಲಿ ಇರುವಾಗ ನಾನು ಕಾಳನ್ನು ಮೇಲಿನಿಂದ ಟಕ್ಕೆಂದು ಬೀಳಿಸುತ್ತಿದ್ದೆನಂತೆ. "ಆ ಸದ್ದು ನಿನ್ನ ಚೀಟಿಯ ಹಾಗೆಯೇ ಇದೆ" ಎಂದಳು. ಅವಳು ಹೇಳಿದ್ದು ಸರಿ. ಮಣೆಯ ಕೆಳಗೆ ಬೈರಾಸು ಹಾಸಿದೆವು.

ಆದ್ದರಿಂದ ತಮಾಷೆಯಾಗಿ ಕೇಳುವಾಗಲೂ ಕೆಲಸದ ಹೆಸರು, ಹೊತ್ತು ಎರಡನ್ನೂ ಹೇಳಿ. "ಇವತ್ತಿನ ಬಂಗುಡೆ ಸಾರು ನನ್ನದು, ಮಲಗುವ ಮೊದಲು ಪಾತ್ರೆ ನಿನ್ನದು, ಎರಡು ಕಾಳು. ಬೇಡವೆಂದರೆ ಬಂಗುಡೆ ನೀನೇ ಶುಚಿ ಮಾಡು" ಎಂದರೆ ಅವಳಿಗೆ ಚೌಕಾಸಿ ಮಾಡಲು ದಾರಿ ಇದೆ. "ಈ ಮನೆಯಲ್ಲಿ ಪಾತ್ರೆಗಳು ತಾವೇ ತೊಳೆದುಕೊಳ್ಳುತ್ತವೆ ಅಂತ ಕಾಣುತ್ತದೆ" ಎಂದರೆ ಇಲ್ಲ.

ಆಟ ಎಲ್ಲದಕ್ಕೂ ಅಲ್ಲ. ಅವಳಿಗೆ ಮೈ ಹುಷಾರಿಲ್ಲದ ವಾರ, ಮನೆಯಿಂದ ಕೆಟ್ಟ ಸುದ್ದಿ ಬಂದ ವಾರ ಮಣೆಯನ್ನು ಎತ್ತಿಡಿ. ಒಂದೇ ವಿಷಯವನ್ನು ಎರಡು ಸಲ ನಗುತ್ತಾ ಕೇಳಿಯೂ ಆಗದಿದ್ದರೆ ಮೂರನೆಯ ಸಲ ನಗಬೇಡಿ. ಹಣದ ವಿಷಯದಲ್ಲಿ ಮೊದಲ ಸಲವೇ ಬೇಡ. ಚಹಾ ಮಾಡಿ ಎದುರಿಗೆ ಕುಳಿತು ಹೀಗೆ ಹೇಳಿ: "ಹೋದ ತಿಂಗಳ ಸಿಲಿಂಡರಿನ ಅರ್ಧ ಹಣ ನೀನು ಕೊಡಲು ಬಾಕಿ ಇದೆ. ಶುಕ್ರವಾರದೊಳಗೆ ಕೊಡಲು ಆಗುತ್ತದಾ?"