ಇಟ್ಟಿಗೆ ಗೋಡೆ ಮೇಲಿನ ಹಳೇ ಆಫರ್

"ಸುಮ್ನೆ ಆ ಟೆಕ್ಸ್ಟ್ ತೆಗೆದುಬಿಡಿ, ಐದು ನಿಮಿಷದ ಕೆಲಸ ಅಲ್ವಾ" ಅಂತ ಹೇಳುವವರು ಯಾರೂ ಫೋಟೋಶಾಪ್ ಮುಟ್ಟಿದವರಲ್ಲ. ಈ ಸಲ ಬಂದಿದ್ದು ಒಂದು ಹೋಟೆಲಿನ ಬ್ಯಾನರ್. ಓರೆಯಾಗಿ ತೆಗೆದ ಇಟ್ಟಿಗೆ ಗೋಡೆಯ ಫೋಟೋ, ಮೇಲೆ ದಪ್ಪ ಹಳದಿ ಅಕ್ಷರದಲ್ಲಿ ಹೋದ ದೀಪಾವಳಿಯ ಆಫರ್. ಫೋಟೋ ಬೇರೆ, ಅಕ್ಷರ ಬೇರೆ ಇರುವ ಲೇಯರ್ ಫೈಲ್ ಹಳೇ ಡಿಸೈನರ್ ಜೊತೆಗೇ ಹೋಯಿತಂತೆ. ಸಿಕ್ಕಿದ್ದು ವಾಟ್ಸಾಪ್‌ನಲ್ಲಿ ಬಂದ ಜೆಪಿಜಿ.

ಮೊದಲು Content-Aware Fill ಕೊಟ್ಟೆ. ಅಕ್ಷರ ಹೋಯಿತು, ಗೋಡೆಯೂ ಕೆಟ್ಟಿತು. ಗಾರೆಯ ಗೆರೆ ನಡುವೆ ಬಾಗಿತ್ತು, ಒಂದು ಇಟ್ಟಿಗೆ ಒಂದೂವರೆ ಇಟ್ಟಿಗೆಯಷ್ಟು ಉದ್ದವಾಗಿತ್ತು. ಆ ಟೂಲು ಪಕ್ಕದಿಂದ ಹೋಲುವ ತುಂಡು ತಂದು ಅಂಟಿಸುತ್ತದೆ, ಸಾಲು ಎಣಿಸುವುದಿಲ್ಲ.

ಇಂಥದ್ದಕ್ಕೆ ಗೋಡೆಯ ಓರೆಗೆ ಹೊಂದಿಸಿ ನಕಲು ಮಾಡುವ Vanishing Point ಫಿಲ್ಟರೇ ಸರಿ. ಖಾಲಿ ಲೇಯರ್ ಮಾಡಿಕೊಂಡು ಅದನ್ನು ತೆರೆದೆ. ಗಾರೆ ಗೆರೆಗಳು ಕೂಡುವ ನಾಲ್ಕು ಮೂಲೆಗೆ ಕ್ಲಿಕ್ ಮಾಡಿದರೆ ಗ್ರಿಡ್ ಬರುತ್ತದೆ. ಗ್ರಿಡ್ ನೀಲಿಯಾದರೆ ಸರಿ, ಹಳದಿ ಅಥವಾ ಕೆಂಪಾದರೆ ಮೂಲೆ ತಪ್ಪಿದೆ ಎಂದರ್ಥ. ಆಮೇಲೆ ಚೊಕ್ಕಟ ಜಾಗ ಸೆಲೆಕ್ಟ್ ಮಾಡಿ Alt ಒತ್ತಿ ಎಳೆದರೆ ಅದರ ನಕಲು ಬರುತ್ತದೆ, ದೂರ ಹೋದಂತೆ ಇಟ್ಟಿಗೆ ತಾನೇ ಚಿಕ್ಕದಾಗುತ್ತದೆ.

ಎಳೆಯುವಾಗ ಕಟ್ಟುವ ಕ್ರಮ ನೆನಪಿರಬೇಕು. ಇಂಥ ಗೋಡೆಯಲ್ಲಿ ಮೇಲಿನ ಸಾಲು ಕೆಳಗಿನದಕ್ಕಿಂತ ಅರ್ಧ ಇಟ್ಟಿಗೆ ಸರಿದಿರುತ್ತದೆ. ಹಾಗಾಗಿ ನೇರ ಮೇಲೆ ಎಳೆಯುವುದಾದರೆ ಎರಡು ಸಾಲಿನಷ್ಟು ದೂರ ಎಳೆಯಬೇಕು. ಒಂದೇ ಸಾಲಿನಷ್ಟು ಎಳೆದರೆ ಪಕ್ಕಕ್ಕೂ ಅರ್ಧ ಇಟ್ಟಿಗೆ ಸರಿಸಬೇಕು. ಇಲ್ಲದಿದ್ದರೆ ಲಂಬ ಸಂದುಗಳು ಒಂದರ ಮೇಲೊಂದು ನಿಂತು ಗೋಡೆ ಬಿರುಕು ಬಿಟ್ಟಂತೆ ಕಾಣುತ್ತದೆ.

ಅಷ್ಟರಲ್ಲಿ ಮ್ಯಾನೇಜರ್ ಕಾಫಿ ಲೋಟ ಹಿಡಿದು ಕುರ್ಚಿ ಹಿಂದೆ ಬಂದು ನಿಂತರು. "ಆಯ್ತಾ?" ಎನ್ನುವ ಹೊತ್ತಿಗೆ ಸರಿಯಾಗಿ, ತುಂಬಿದ ಇಟ್ಟಿಗೆಗಳ ಅಂಚಿಗೆ ಅರಿಸಿನ ಬಳಿದ ಹಾಗೆ ಹಳದಿ ಹರಡಿತು. Heal ಆಯ್ಕೆ On ಇತ್ತು. ಅದು ಅಂಚಿನಾಚೆಯ ಬಣ್ಣ ನೋಡಿ ಹೊಂದಿಸುತ್ತದೆ, ಅಂಚಿನಾಚೆ ಇದ್ದದ್ದು ಆಫರಿನ ಅಕ್ಷರ! ಅವರು ಏನೂ ಹೇಳದೆ ಕಾಫಿ ಹೀರುತ್ತಾ ನಿಂತರು. ಬೈದಿದ್ದರೇ ವಾಸಿಯಿತ್ತು.

Heal ಅನ್ನು Off ಮಾಡಿ ಮತ್ತೆ ಎಳೆದೆ. ಜೆಪಿಜಿಯಲ್ಲಿ ಅಕ್ಷರದ ಬಣ್ಣ ಸುತ್ತಲೂ ಒಂದಿಷ್ಟು ಪಿಕ್ಸೆಲ್ ಸೋರಿರುತ್ತದೆ, ಅದೂ ಮುಚ್ಚುವಂತೆ ಸ್ವಲ್ಪ ಅಗಲವಾಗಿಯೇ ಮುಚ್ಚಿದೆ. ಹಳದಿ ಪೂರ್ತಿ ಹೋದಮೇಲೆ, ಬೆಳಕು ಹೊಂದದ ಕಡೆ ಮಾತ್ರ, ಬಣ್ಣ ಬಿಟ್ಟು ಬೆಳಕನ್ನಷ್ಟೇ ಹೊಂದಿಸುವ Heal ಆಯ್ಕೆ Luminance ಸಾಕಾಯಿತು.

ಕೊನೆಗೆ ಚಿತ್ರವನ್ನು ಚಿಕ್ಕದು ಮಾಡಿ ನೋಡಿದೆ. ಮೂಲೆ ಮುರಿದ ಒಂದೇ ಇಟ್ಟಿಗೆ ಮೂರು ಕಡೆ ಇಣುಕುತ್ತಿತ್ತು. ಜೂಮ್ ಮಾಡಿದಾಗ ಇದು ಕಾಣುವುದೇ ಇಲ್ಲ. ಎರಡನ್ನು ಬೇರೆ ಇಟ್ಟಿಗೆಯಿಂದ ಮುಚ್ಚಿ ಕಳಿಸಿದೆ.

ಜಾಬ್ ಶೀಟಿನಲ್ಲಿ ಬರೆದದ್ದು "ಮೈನರ್ ಕರೆಕ್ಷನ್". ಪ್ರಿಂಟಾಗಿ ಬಂದ ಬ್ಯಾನರಿನಲ್ಲಿ ಹೊಸ ಆಫರ್ ಅದೇ ಜಾಗದಲ್ಲಿದೆ, ಅಕ್ಷರ ಎದ್ದು ಕಾಣಲಿ ಅಂತ ಹಿಂದೆ ದಪ್ಪ ಕಪ್ಪು ಪಟ್ಟಿ ಬೇರೆ.